ಐದು ಮನೆ ಬಲ್ಲವರಿಗಿಂತ ಮೂರು ಮನೆ ಬಲ್ಲವರ ಮಾತು ದೂರ ಹೋಗುವುದು ಹೇಗೆ?

ವರದಿಗೆಂದು ಹೊಸ ಹಳ್ಳಿಗೆ ಇಳಿದಾಗ ನಾವೆಲ್ಲ ಮಾಡುವುದು ಒಂದೇ. ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಟೀ ಕುಡಿದು, "ಇಲ್ಲಿ ಎಲ್ಲರನ್ನೂ ಬಲ್ಲವರು ಯಾರು?" ಎಂದು ಕೇಳುತ್ತೇವೆ. ಸ್ವಸಹಾಯ ಸಂಘಕ್ಕೆ ಸುದ್ದಿ ಮುಟ್ಟಿಸುವವರು, ಸಾಲ ಕೊಡುವ ಕಂಪನಿಯವರು, ಲಸಿಕೆ ಶಿಬಿರ ಹಾಕುವವರು ಕೇಳುವುದೂ ಇದನ್ನೇ. ಹೆಚ್ಚು ಜನರ ಪರಿಚಯ ಇರುವವರಿಗೆ ಹೇಳಿದರೆ ಸುದ್ದಿ ಊರೆಲ್ಲ ಹಬ್ಬುತ್ತದೆ ಎಂಬ ಈ ನಂಬಿಕೆ ಅರ್ಧ ಮಾತ್ರ ನಿಜ ಎಂಬುದು ನಮ್ಮ ವಾದ. ಅದಕ್ಕೆ ಸಾಕ್ಷಿ ನಮ್ಮ ರಾಜ್ಯದ ಹಳ್ಳಿಗಳಲ್ಲೇ ಇದೆ.

2006ರಲ್ಲಿ ದಕ್ಷಿಣ ಕರ್ನಾಟಕದ 75 ಹಳ್ಳಿಗಳಲ್ಲಿ ಸಂಶೋಧಕರು ಮನೆ ಮನೆಗೆ ಹೋಗಿ ಪ್ರಶ್ನೆ ಕೇಳಿದರು. ಯಾರ ಮನೆಗೆ ಹೋಗಿಬರುತ್ತೀರಿ, ಸೀಮೆಎಣ್ಣೆ ಅಕ್ಕಿ ಸಾಲದಲ್ಲಿ ಯಾರನ್ನು ಕೇಳುತ್ತೀರಿ, ತುರ್ತಿಗೆ ಹಣ ಯಾರು ಕೊಡುತ್ತಾರೆ, ದೇವಸ್ಥಾನಕ್ಕೆ ಯಾರ ಜೊತೆ ಹೋಗುತ್ತೀರಿ. ಉತ್ತರಗಳಿಂದ ಪ್ರತಿ ಊರಿನ ಸಂಬಂಧಗಳ ನಕ್ಷೆ ಸಿದ್ಧವಾಯಿತು. ಆಮೇಲೆ ಒಂದು ಕಿರುಸಾಲ ಸಂಸ್ಥೆ ಅವುಗಳಲ್ಲಿ 43 ಹಳ್ಳಿಗಳಿಗೆ ಕಾಲಿಟ್ಟಿತು. ಸಂಸ್ಥೆಯವರು ಎಲ್ಲ ಕಡೆ ಒಂದೇ ಕ್ರಮ ಅನುಸರಿಸಿದರು: ಶಿಕ್ಷಕರು, ಅಂಗಡಿಯವರು, ಸ್ವಸಹಾಯ ಸಂಘದ ಮುಖಂಡರು, ಇವರಿಗೆ ಮೊದಲು ಹೇಳಿ, ಉಳಿದವರಿಗೆ ತಿಳಿಸಿ ಎಂದು ಕೇಳಿಕೊಂಡರು. ನಕ್ಷೆಯಲ್ಲಿ ಆ ಮುಖಂಡರು ಎಲ್ಲಿದ್ದಾರೆ ಎಂದು ಯಾರೂ ನೋಡಿರಲಿಲ್ಲ. ಹಾಗಾಗಿ ಕೆಲವು ಊರುಗಳಲ್ಲಿ ಸುದ್ದಿ ಸರಿಯಾದ ಬಾಯಿಗೆ ಬಿತ್ತು, ಕೆಲವು ಕಡೆ ಬೀಳಲಿಲ್ಲ. ಸಾಲಕ್ಕೆ ಸೇರಿದ ಅರ್ಹ ಮನೆಗಳ ಪಾಲು ಒಂದೂರಲ್ಲಿ ಶೇ. 7, ಇನ್ನೊಂದರಲ್ಲಿ ಶೇ. 44.

ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ, ಮ್ಯಾಥ್ಯೂ ಜಾಕ್ಸನ್ ಈ ವ್ಯತ್ಯಾಸದ ಕಾರಣ ಹುಡುಕಿದರು. ಮುಖಂಡರಿಗೆ ಎಷ್ಟು ಮನೆಗಳ ಸಂಪರ್ಕವಿದೆ ಎಂಬ ಲೆಕ್ಕದಿಂದ ಅದನ್ನು ಊಹಿಸಲು ಆಗಲಿಲ್ಲ. ಆ ಮನೆಯವರಿಗೆ ಮತ್ತೆ ಯಾರ ಸಂಪರ್ಕವಿದೆ ಎಂಬುದನ್ನೂ ಸೇರಿಸಿ ಅಳೆದಾಗ ಹೊಂದಿಕೆ ಕಾಣಿಸಿತು. ಅಂಥ ಅಳತೆಗಳಲ್ಲಿ ಹಳೆಯದು ಐಗನ್‌ವೆಕ್ಟರ್ ಕೇಂದ್ರೀಯತೆ. ಹೆಸರು ಕೇಳಿ ಗಾಬರಿಯಾಗುವುದು ಬೇಡ, ಕೂಡುವ ಲೆಕ್ಕ ಬಂದರೆ ಸಾಕು.

ಒಂಬತ್ತು ಜನರ ಒಂದು ಪುಟ್ಟ ಊರನ್ನು ಊಹಿಸಿಕೊಳ್ಳೋಣ. ಟೈಲರಮ್ಮ, ಅಂಗನವಾಡಿ ಸಹಾಯಕಿ, ಡೇರಿಗೆ ಹಾಲು ಹಾಕುವ ಇಬ್ಬರು ಹೆಂಗಸರು, ಈ ನಾಲ್ವರೂ ಪರಸ್ಪರ ಒಡನಾಡಿಗಳು. ಅಂಗಡಿಯವರಿಗೆ ಐದು ಸಂಪರ್ಕ: ದೂರದ ತೋಟದ ಮನೆಗಳಲ್ಲಿ ಇರುವ ನಾಲ್ವರು, ಜೊತೆಗೆ ಟೈಲರಮ್ಮ. ತೋಟದ ಮನೆಯವರಿಗೆ ಅಂಗಡಿಯವರ ಹೊರತು ಬೇರೆ ಯಾರೂ ಇಲ್ಲ. ಬರೀ ಎಣಿಸಿದರೆ ಅಂಗಡಿಯವರಿಗೆ 5, ಟೈಲರಮ್ಮನಿಗೆ 4, ಸಹಾಯಕಿಗೆ 3, ತೋಟದವರಿಗೆ ತಲಾ 1.

ಈಗ ಎಲ್ಲರಿಗೂ ಒಂದೊಂದು ಅಂಕ ಕೊಡಿ. ಪ್ರತಿ ಸುತ್ತಿನಲ್ಲೂ ಒಬ್ಬರ ಹೊಸ ಅಂಕ ಎಂದರೆ ಅವರ ಒಡನಾಡಿಗಳ ಹಿಂದಿನ ಸುತ್ತಿನ ಅಂಕಗಳ ಮೊತ್ತ. ಮೊದಲ ಸುತ್ತಿಗೆ ಬರುವುದು ಅದೇ 5, 4, 3, 1. ಅಂದರೆ ಸಂಪರ್ಕ ಎಣಿಸುವುದು ಈ ಲೆಕ್ಕದ ಮೊದಲ ಹೆಜ್ಜೆ ಅಷ್ಟೇ. ಎರಡನೇ ಸುತ್ತಿನಲ್ಲಿ ಅಂಗಡಿಯವರಿಗೆ ಟೈಲರಮ್ಮನ 4 ಮತ್ತು ತೋಟದವರ ನಾಲ್ಕು ಒಂದುಗಳು ಸೇರಿ 8. ಸಹಾಯಕಿಗೆ 4, 3, 3 ಸೇರಿ 10. ಆಗಲೇ ಸಹಾಯಕಿ ಮುಂದೆ! ಮೂರನೇ ಸುತ್ತಿನಲ್ಲಿ ಇಬ್ಬರೂ 34ಕ್ಕೆ ಸಮ ಬರುತ್ತಾರೆ. ನಾಲ್ಕನೆಯದರಲ್ಲಿ ಸಹಾಯಕಿ 106, ಅಂಗಡಿಯವರು 70. ಹೀಗೇ ಮುಂದುವರಿಸಿದರೆ ಅಂಕಗಳು ಬೆಳೆಯುತ್ತಲೇ ಹೋದರೂ ಅವುಗಳ ನಡುವಿನ ಪ್ರಮಾಣ ಒಂದು ಕಡೆ ನಿಲ್ಲುತ್ತದೆ. ಟೈಲರಮ್ಮನನ್ನು 1 ಎಂದು ಹಿಡಿದರೆ ಸಹಾಯಕಿ 0.87, ಅಂಗಡಿಯವರು 0.53, ತೋಟದವರು ತಲಾ 0.17. ನಿಂತ ಆ ಪ್ರಮಾಣವೇ ಐಗನ್‌ವೆಕ್ಟರ್ ಕೇಂದ್ರೀಯತೆ. ಐದು ಜನರನ್ನು ಬಲ್ಲವರು ಮೂರು ಜನರನ್ನು ಬಲ್ಲವರಿಗಿಂತ ಹಿಂದೆ ಬಿದ್ದರು, ಏಕೆಂದರೆ ಆ ಐವರಲ್ಲಿ ನಾಲ್ವರ ಬಳಿ ಹೋದ ಮಾತು ಅಲ್ಲೇ ನಿಲ್ಲುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ನಾವೂ ಅರ್ಧ ಸತ್ಯವನ್ನೇ ಹೇಳಿದಂತಾಗುತ್ತದೆ. ಅಂಗಡಿಯವರಿಗೂ ಟೈಲರಮ್ಮನಿಗೂ ಮಾತು ಬಿಟ್ಟಿತು ಎನ್ನಿ. ಊರು ಎರಡು ಗುಂಪಾಯಿತು. ನಾಲ್ವರ ಗುಂಪಿನಲ್ಲಿ ಅಂಕ ಪ್ರತಿ ಸುತ್ತಿಗೆ ಮೂರು ಪಟ್ಟು ಆಗುತ್ತದೆ. ಅಂಗಡಿಯ ಗುಂಪಿನಲ್ಲಿ ಸರಾಸರಿ ಎರಡೇ ಪಟ್ಟು. ಹತ್ತು ಸುತ್ತು ಕಳೆಯುವ ಹೊತ್ತಿಗೆ ಸಹಾಯಕಿಗೆ 59,049, ಅಂಗಡಿಯವರಿಗೆ 1,024. ಇನ್ನೂ ಮುಂದೆ ಹೋದರೆ ಅಂಗಡಿಯವರ ಪಾಲು ಸೊನ್ನೆಗೆ ಇಳಿಯುತ್ತದೆ. ಅವರಿಗೆ ಈಗಲೂ ನಾಲ್ಕು ಸಂಪರ್ಕ ಇವೆ, ತೋಟದ ಮನೆಗಳಿಗೆ ಸುದ್ದಿ ಮುಟ್ಟಿಸಬಲ್ಲವರು ಅವರೊಬ್ಬರೇ. ಅಳತೆ ಮಾತ್ರ ಅವರನ್ನು ಲೆಕ್ಕಕ್ಕೇ ಇಟ್ಟಿಲ್ಲ.

ನಮಗೆ ಚಿಂತೆ ಇರುವುದು ಇಲ್ಲೇ. ತೋಟದ ಮನೆ ಎಂದಲ್ಲಿ ಕೇರಿ ಎಂದು ಓದಿಕೊಳ್ಳಿ. ನಮ್ಮ ಹಳ್ಳಿಗಳಲ್ಲಿ ಕೊಡು-ಕೊಳ್ಳುವ ಸಂಬಂಧಗಳು ಜಾತಿಯ ಒಳಗೆ ದಟ್ಟ, ಜಾತಿ ದಾಟಿ ವಿರಳ. ಇಡೀ ಊರಿಗೆ ಒಂದೇ ಪಟ್ಟಿ ಮಾಡಿ ಮೇಲಿನ ಐದು ಹೆಸರು ಆರಿಸಿದರೆ ಐದೂ ಒಂದೇ ಬೀದಿಯವು ಆಗಬಹುದು. ಅದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ: ದೊಡ್ಡ ಅಂಕಗಳೆಲ್ಲ ಒಂದೇ ಕಡೆ ಗುಂಪಾಗಿ, ಹಲವು ಸಂಪರ್ಕ ಇರುವವರಿಗೂ ಸೊನ್ನೆಯ ಹತ್ತಿರದ ಅಂಕ ಬಂದಿದ್ದರೆ ಊರು ಒಡೆದಿದೆ ಎಂದರ್ಥ. ಆಗ ಪ್ರತಿ ಕೇರಿಗೂ ಬೇರೆ ಲೆಕ್ಕ ಮಾಡಿ, ಪ್ರತಿ ಕೇರಿಯಿಂದಲೂ ಹೆಸರು ಆರಿಸಬೇಕು.

ಇನ್ನೊಂದು ಮಿತಿಯೂ ಇದೆ. ಈ ಲೆಕ್ಕ ಸುತ್ತುಗಳನ್ನು ಕೊನೆಯಿಲ್ಲದೆ ಓಡಿಸುತ್ತದೆ. ಆದರೆ ಸಾಲದ ಸುದ್ದಿಯನ್ನು ಜನ ಎಂದೆಂದಿಗೂ ಮಾತಾಡುವುದಿಲ್ಲ, ಕೆಲವು ವಾರಕ್ಕೆ ಅದು ಹಳತಾಗುತ್ತದೆ. ಹಾಗಾಗಿ ಆ ಸಂಶೋಧಕರು ಕೆಲವೇ ಸುತ್ತಿಗೆ ನಿಲ್ಲಿಸುವ, ಮಾತು ಪ್ರತಿ ಸಲವೂ ದಾಟಿಯೇ ತೀರುತ್ತದೆ ಎಂದು ನಂಬದ ಬೇರೊಂದು ಅಳತೆ ರೂಪಿಸಿದರು. ಅದನ್ನು ಪ್ರಸರಣ ಕೇಂದ್ರೀಯತೆ ಎನ್ನಬಹುದು. ಒಂದೇ ಸುತ್ತಿಗೆ ನಿಲ್ಲಿಸಿದರೆ ಅದು ಬರೀ ಎಣಿಕೆ. ಮಾತು ದಾಟುವ ಸಾಧ್ಯತೆ ಸಾಕಷ್ಟಿದ್ದು ಸುತ್ತುಗಳನ್ನು ಬಿಡದೆ ಓಡಿಸಿದರೆ ಐಗನ್‌ವೆಕ್ಟರ್. ಹಳ್ಳಿಗಳ ನಿಜವಾದ ಅಂಕಿಅಂಶಕ್ಕೆ ಹೆಚ್ಚು ಹೊಂದಿದ್ದು ಈ ನಡುವಿನ ಅಳತೆ.

ನಕ್ಷೆ ಮಾಡಲು ನಮ್ಮಂಥವರಿಗೆ ಹಣವೂ ಇಲ್ಲ, ಸಮಯವೂ ಇಲ್ಲ. ಅದಕ್ಕೂ ಇದೇ ಸಂಶೋಧಕರ ಮುಂದಿನ ಕೆಲಸದಲ್ಲಿ ದಾರಿ ಇದೆ. ಕರ್ನಾಟಕದ 213 ಹಳ್ಳಿಗಳಲ್ಲಿ ಅವರು ಒಂದು ಸುದ್ದಿ ಬಿಟ್ಟರು: ಈ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಮೊಬೈಲ್ ಅಥವಾ ನಗದು ಗೆಲ್ಲುವ ಅವಕಾಶ. ಕೆಲವು ಊರಲ್ಲಿ ಯಾರೋ ಸಿಕ್ಕವರಿಗೆ ಹೇಳಿದರು, ಕೆಲವು ಊರಲ್ಲಿ ಹಿರಿಯರಿಗೆ, ಉಳಿದ ಊರುಗಳಲ್ಲಿ ಊರವರೇ ಹೆಸರಿಸಿದವರಿಗೆ. ಹೆಚ್ಚು ಕರೆ ಬಂದದ್ದು ಈ ಕೊನೆಯ ಊರುಗಳಿಂದ. ಹಿರಿಯರಿಗೆ ಹೇಳಿದ್ದರಿಂದ, ಸಿಕ್ಕವರಿಗೆ ಹೇಳಿದ್ದಕ್ಕಿಂತ ಹೆಚ್ಚಿನ ಲಾಭವೇನೂ ಆಗಲಿಲ್ಲ.

ಊರವರಿಗೆ ಅಲ್ಲಿ ಕೇಳಿದ್ದು "ಎಲ್ಲರನ್ನೂ ಬಲ್ಲವರು ಯಾರು?" ಎಂದಲ್ಲ. "ಊರಿಗೆಲ್ಲ ಒಂದು ಸುದ್ದಿ ಮುಟ್ಟಬೇಕಾದರೆ ಯಾರ ಕಿವಿಗೆ ಹಾಕಬೇಕು?" ಎಂಬ ಅರ್ಥದ ಪ್ರಶ್ನೆ. ಮುಂದಿನ ಸಲ ಟೀ ಅಂಗಡಿಯಲ್ಲಿ ನಾವು ಇದನ್ನೇ ಕೇಳುತ್ತೇವೆ. ಟೀ ಮುಗಿಸಿ ಕೇರಿಗೂ ಹೋಗಿ ಅಲ್ಲಿ ಮತ್ತೊಮ್ಮೆ ಕೇಳುತ್ತೇವೆ.