ಪಾಸ್ ಬರೆದರೆ ಟ್ರೇಸ್ ಆಗುವುದಿಲ್ಲ

ಡೇಟಾ ಸ್ಟ್ರಕ್ಚರ್ಸ್ ಪರೀಕ್ಷೆಯಲ್ಲಿ ‘ಈ ಅಲ್ಗಾರಿದಮ್ ಅನ್ನು ಕೊಟ್ಟಿರುವ ಇನ್‌ಪುಟ್‌ಗೆ ಟ್ರೇಸ್ ಮಾಡಿ’ ಎಂಬ ಪ್ರಶ್ನೆ ಬಂದರೆ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ. ಮೊದಲ ಪಾಸ್ ಆದ ಮೇಲೆ ಅರೇ ಹೀಗಿರುತ್ತದೆ, ಎರಡನೇ ಪಾಸ್ ಆದ ಮೇಲೆ ಹೀಗಿರುತ್ತದೆ ಎಂದು ಎರಡು ಮೂರು ಸಾಲು ಬರೆದು, ಕೊನೆಯ ಸಾಲಿನ ಸುತ್ತ ಬಾಕ್ಸ್ ಎಳೆದು ಮುಂದಿನ ಪ್ರಶ್ನೆಗೆ ಹೋಗುವುದು. ಅಂಕವೂ ಸಿಗುತ್ತದೆ. ಆದರೆ ಅದು ಟ್ರೇಸ್ ಅಲ್ಲ ಎನ್ನುವುದು ನನ್ನ ವಾದ. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಬೇಕು ಎಂಬುದು ನಮಗೆ ಮೊದಲೇ ಗೊತ್ತು. ಹಾಗೆ ಗೊತ್ತಿದ್ದದ್ದನ್ನೇ ಬರೆದಿರುತ್ತೇವೆ ಹೊರತು ಹ್ಯಾಂಡ್‌ಔಟಿನಲ್ಲಿ ಅಚ್ಚಾಗಿರುವ ಸಾಲುಗಳನ್ನು ನಡೆಸಿ ನೋಡಿರುವುದಿಲ್ಲ.

ಎಲ್ಲರಿಗೂ ಪರಿಚಯವಿರುವ ಇನ್ಸರ್ಷನ್ ಸಾರ್ಟನ್ನೇ ತೆಗೆದುಕೊಳ್ಳೋಣ. ಹ್ಯಾಂಡ್‌ಔಟ್‌ಗಳಲ್ಲಿ ಅದು ಸಾಮಾನ್ಯವಾಗಿ ಹೀಗಿರುತ್ತದೆ. ಇಲ್ಲಿ ಅರೇಯ ಮೊದಲ ಮನೆಯ ಸಂಖ್ಯೆ 1.

```
for j = 2 to n
    key = A[j]
    i = j - 1
    while i > 0 and A[i] > key
        A[i+1] = A[i]
        i = i - 1
    A[i+1] = key
```

ಇನ್‌ಪುಟ್ 5, 2, 4 ಇರಲಿ. ಹಾಳೆಯಲ್ಲಿ `j`, `key`, `i` ಮತ್ತು ಅರೇಗೆ ಒಂದೊಂದು ಕಾಲಂ ಹಾಕಿ. `while` ಸಾಲಿನ ಎರಡು ಷರತ್ತುಗಳಿಗೂ ಬೇರೆ ಬೇರೆ ಕಾಲಂ ಇರಲಿ. ನನ್ನ ಮಟ್ಟಿಗೆ ಇಡೀ ಟೇಬಲ್ಲಿನಲ್ಲಿ ಇವೆರಡೇ ಮುಖ್ಯ ಕಾಲಂಗಳು. ಒಂದು ಸಾಲು ಓದಿ, ಅದು ಹೇಳಿದಷ್ಟನ್ನೇ ಮಾಡಿ, ಬದಲಾದದ್ದನ್ನು ಬರೆದು, ಆಮೇಲೆ ಮುಂದಿನ ಸಾಲಿಗೆ ಕಣ್ಣು ಹಾಯಿಸಬೇಕು.

`j` 2 ಇದ್ದಾಗ `key` 2 ಆಗುತ್ತದೆ, `i` 1 ಆಗುತ್ತದೆ. 1 ಸೊನ್ನೆಗಿಂತ ದೊಡ್ಡದು, 5 ಕೂಡ 2ಕ್ಕಿಂತ ದೊಡ್ಡದು. ಎರಡೂ ಷರತ್ತು ನಿಜ, ಹಾಗಾಗಿ ಲೂಪಿನ ಒಳಗೆ ಹೋಗುತ್ತೇವೆ. `A[2] = A[1]` ಎಂದಿದೆ. ಈಗ ಅರೇಯಲ್ಲಿ ಇರುವುದು 5, 5, 4.

ಇಲ್ಲೇ ಸ್ವಲ್ಪ ನಿಲ್ಲಬೇಕು. 2 ಎಲ್ಲಿ ಹೋಯಿತು? ಅರೇಯಲ್ಲಂತೂ ಇಲ್ಲ, `key`ಯಲ್ಲಿ ಮಾತ್ರ ಉಳಿದಿದೆ. ಪಾಸ್ ಲೆಕ್ಕದಲ್ಲಿ ಬರೆಯುವವರ ಹಾಳೆಯಲ್ಲಿ ಈ 5, 5, 4 ಎಂದೂ ಕಾಣಿಸಿಕೊಳ್ಳುವುದಿಲ್ಲ. ಅವರು 5 ಮತ್ತು 2 ಅದಲುಬದಲಾದವು ಎಂದುಕೊಂಡು ನೇರವಾಗಿ 2, 5, 4 ಬರೆಯುತ್ತಾರೆ. ಆದರೆ ಈ ಅಲ್ಗಾರಿದಮ್‌ನಲ್ಲಿ ಅದಲುಬದಲು ಎಂಬುದೇ ಇಲ್ಲ. ಎತ್ತಿಟ್ಟುಕೊಳ್ಳುವುದು, ಸರಿಸುವುದು, ಕೊನೆಗೆ ಇಡುವುದು, ಇಷ್ಟೇ. ‘`key` ಯಾಕೆ ಬೇಕು, ಅದಿಲ್ಲದಿದ್ದರೆ ಏನಾಗುತ್ತದೆ’ ಎಂದು ವೈವಾದಲ್ಲಿ ಕೇಳಿದರೆ ಈ ಅರ್ಧ ದಾರಿಯ ಸಾಲು ಬರೆದವರಿಗೆ ಉತ್ತರ ಹಾಳೆಯ ಮೇಲೇ ಸಿಗುತ್ತದೆ.

ಮುಂದಕ್ಕೆ ಹೋಗೋಣ. `i` ಈಗ 0. ಷರತ್ತಿಗೆ ಮತ್ತೆ ಬರಬೇಕು: 0 ಸೊನ್ನೆಗಿಂತ ದೊಡ್ಡದೇ? ಅಲ್ಲ. ಈ ‘ಅಲ್ಲ’ವನ್ನೂ ಕಾಲಂನಲ್ಲಿ ಬರೆಯಲೇಬೇಕು. ಲೂಪಿನಿಂದ ಹೊರಬಂದು `A[1]`ರಲ್ಲಿ 2 ಇಡುತ್ತೇವೆ. ಅರೇ 2, 5, 4. ನಂತರ `j` 3, `key` 4, `i` 2. 5 ದೊಡ್ಡದು, ಬಲಕ್ಕೆ ಸರಿಯುತ್ತದೆ; ಅರೇ 2, 5, 5. `i` 1 ಆಯಿತು. ಮೊದಲ ಷರತ್ತು ಈ ಸಲವೂ ನಿಜ. ಆದರೆ 2 ಎನ್ನುವುದು 4ಕ್ಕಿಂತ ದೊಡ್ಡದಲ್ಲ, ಎರಡನೇ ಷರತ್ತು ಬಿತ್ತು. `A[2]`ರಲ್ಲಿ 4 ಇಟ್ಟರೆ 2, 4, 5.

ಲೂಪ್ ಎರಡು ಸಲ ನಿಂತಿತು, ಎರಡು ಸಲವೂ ಕಾರಣ ಬೇರೆ. ಮೊದಲ ಸಲ ಎಡಕ್ಕೆ ಮನೆ ಮುಗಿದಿತ್ತು, ಎರಡನೇ ಸಲ ಜಾಗ ಸಿಕ್ಕಿತ್ತು. ಕೈಯಲ್ಲಿ ಟ್ರೇಸ್ ಮಾಡಲು ಯಾವ ಇನ್‌ಪುಟ್ ಆರಿಸಬೇಕು ಎಂಬುದಕ್ಕೆ ನಾನು ನೆಚ್ಚುವ ಅಳತೆ ಇದು: ಲೂಪ್ ನಿಲ್ಲಬಹುದಾದ ಪ್ರತಿ ಕಾರಣವೂ ಒಮ್ಮೆಯಾದರೂ ಹಾಳೆಯ ಮೇಲೆ ಬರಬೇಕು. 1, 2, 3 ಕೊಟ್ಟರೆ ಲೂಪಿನ ಒಳಗೇ ಹೋಗುವುದಿಲ್ಲ. ಹತ್ತು ಸಂಖ್ಯೆ ಕೊಟ್ಟರೆ ಐದನೆಯದರ ಹೊತ್ತಿಗೆ ಬೇಸರ ಬಂದು ಮತ್ತೆ ಪಾಸ್ ಬರೆಯಲು ಶುರುಮಾಡುತ್ತೇವೆ. ಈ ಅಲ್ಗಾರಿದಮ್‌ಗೆ ಮೂರು ಸಂಖ್ಯೆ ಸಾಕು, ಆದರೆ ಯಾವ ಮೂರು ಎಂಬುದು ಮುಖ್ಯ.

ಅದು ಎಷ್ಟು ಮುಖ್ಯ ಎಂದು ಲ್ಯಾಬಿನಲ್ಲಿ ಗೊತ್ತಾಗುತ್ತದೆ. ಹ್ಯಾಂಡ್‌ಔಟ್ 1ರಿಂದ ಎಣಿಸುತ್ತದೆ, ಸಿ ಭಾಷೆ 0ಯಿಂದ ಎಣಿಸುತ್ತದೆ. ನಮ್ಮ ಬ್ಯಾಚಿನ ಗೆಳೆಯನೊಬ್ಬ `for` ಸಾಲನ್ನು ಸರಿಯಾಗಿ 1ರಿಂದ `n-1`ರವರೆಗೆ ಎಂದು ಬದಲಿಸಿಕೊಂಡಿದ್ದ. `while` ಸಾಲು ಮಾತ್ರ `i > 0` ಎಂದೇ ಉಳಿದಿತ್ತು. ಮೊದಲು 1, 3, 2 ಕೊಟ್ಟು ನೋಡಿದ. 1, 2, 3 ಬಂತು. ಆಮೇಲೆ 5, 2, 4 ಕೊಟ್ಟ. ‘ಇದೇನು ಮಗಾ, ಕೊಟ್ಟಿದ್ದೇ ವಾಪಸ್ ಬರ್ತಿದೆ’ ಎಂದ.

ಕಂಪ್ಯೂಟರ್ ಬಿಟ್ಟು ಹಾಳೆ ಹಿಡಿದೆವು. `j` 1, `key` 2, `i` 0. ಷರತ್ತು: 0 ಸೊನ್ನೆಗಿಂತ ದೊಡ್ಡದಲ್ಲ. 5 ಮತ್ತು 2ರ ಹೋಲಿಕೆ ನಡೆಯುವುದೇ ಇಲ್ಲ; 2 ಇದ್ದಲ್ಲಿಗೇ ಮರಳಿತು. `j` 2 ಆದಾಗ `key` 4, `i` 1. 2 ಎನ್ನುವುದು 4ಕ್ಕಿಂತ ದೊಡ್ಡದಲ್ಲ, ಅದೂ ಇದ್ದಲ್ಲೇ. ಅಂದರೆ ಸೊನ್ನೆಯ ಮನೆಯನ್ನು ಈ ಪ್ರೋಗ್ರಾಂ ಮುಟ್ಟುವುದೇ ಇಲ್ಲ. 1, 3, 2ರಲ್ಲಿ ಅತಿ ಸಣ್ಣ ಸಂಖ್ಯೆ ಆ ಮನೆಯಲ್ಲೇ ಕೂತಿದ್ದರಿಂದ ತಪ್ಪು ಮುಚ್ಚಿಹೋಗಿತ್ತು. `i >= 0` ಎಂದಾಗ ಸರಿಯಾಯಿತು. ಟೇಬಲ್ಲಿನ ಮೊದಲ ಸಾಲಿನಲ್ಲೇ ಸಿಕ್ಕ ತಪ್ಪು ಅದು, ಷರತ್ತಿಗೊಂದು ಕಾಲಂ ಇದ್ದದ್ದರಿಂದ.

ಎರಡು ಷರತ್ತುಗಳನ್ನು ಬೇರೆ ಬೇರೆ ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಅವುಗಳ ಕ್ರಮ ತಿರುಗಿಸಿ `A[i] > key` ಮೊದಲು ಬರೆದಿರಿ ಎಂದುಕೊಳ್ಳಿ. ಎಡಕ್ಕೆ ಸರಿಯುತ್ತ `i` –1ಕ್ಕೆ ಬಂದಾಗ ಮೊದಲ ಕಾಲಂನಲ್ಲಿ ನೀವು `A[-1]`ನ ಬೆಲೆ ಬರೆಯಬೇಕಾಗುತ್ತದೆ. ಪೆನ್ನು ಅಲ್ಲೇ ನಿಲ್ಲುತ್ತದೆ, ಏಕೆಂದರೆ ಅಂಥ ಮನೆಯೇ ಇಲ್ಲ. ಸಿ ಪ್ರೋಗ್ರಾಂ ಹಾಗೆ ನಿಲ್ಲುತ್ತದೆ ಎಂಬ ಖಾತ್ರಿಯಿಲ್ಲ. ಅದು ಅರೇಯ ಹೊರಗಿನದೇನನ್ನೋ ಓದಿ ಮುಂದೆ ಹೋಗಬಹುದು. ಪೈಥಾನ್‌ನಲ್ಲಾದರೆ `A[-1]` ಎಂದರೆ ಕೊನೆಯ ಸಂಖ್ಯೆ, ಎರರ್ ಕೂಡ ಬರುವುದಿಲ್ಲ.

ಹಾಗೆಂದು 5, 2, 4 ಎಲ್ಲವನ್ನೂ ಹೇಳಿಬಿಡುತ್ತದೆ ಎಂದಲ್ಲ. ಅದರಲ್ಲಿ ಸಮಾನ ಸಂಖ್ಯೆಗಳಿಲ್ಲ. ಹ್ಯಾಂಡ್‌ಔಟಿನ `>` ಜಾಗದಲ್ಲಿ ಯಾರಾದರೂ `>=` ಬರೆದಿದ್ದರೆ ಈ ಟ್ರೇಸಿನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಅದಕ್ಕೆ 4, 4 ಎಂಬ ಎರಡೇ ಸಂಖ್ಯೆಯ ಇನ್‌ಪುಟ್ ಬೇಕು, ಮೊದಲನೆಯದಕ್ಕೆ ‘ಅ’, ಎರಡನೆಯದಕ್ಕೆ ‘ಆ’ ಎಂದು ಗುರುತು ಹಾಕಿ. `>` ಇದ್ದರೆ 4ಅ, 4ಆ ಹಾಗೇ ಉಳಿಯುತ್ತವೆ. `>=` ಇದ್ದರೆ 4ಅ ಬಲಕ್ಕೆ ಸರಿದು 4ಆ ಮುಂದೆ ಬರುತ್ತದೆ. ಬರೀ ಸಂಖ್ಯೆಗಳನ್ನು ಸಾರ್ಟ್ ಮಾಡುವಾಗ ಇದರಿಂದ ನಷ್ಟವೇನಿಲ್ಲ. ಹೆಸರಿನ ಪ್ರಕಾರ ಜೋಡಿಸಿಟ್ಟ ವಿದ್ಯಾರ್ಥಿಗಳ ಪಟ್ಟಿಯನ್ನು ಅಂಕದ ಪ್ರಕಾರ ಮತ್ತೆ ಜೋಡಿಸಿದಾಗ ಮಾತ್ರ, ಒಂದೇ ಅಂಕ ಪಡೆದ ಅನಿತಾ ಮತ್ತು ಭಾರತಿಯ ಸರದಿ ಉಲ್ಟಾ ಆಗಿರುತ್ತದೆ.