ತೊಡೆದೇವಿನ ಒಂದು ವೀಡಿಯೊ



ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ಮಾರಿಕಾಂಬೆಯ ಜಾತ್ರೆ ನೆರೆಯುವದನ್ನು ನೀವು ಬಲ್ಲಿರಿ. ಅಂಗಡಿಯ ಮುಂದೆ ಹಾಯ್ದುಹೋಗುವ ಜನರೆಲ್ಲ ತನ್ನ ಗಿರಾಕಿಗಳೇ ಎಂದು ಭ್ರಮಿಸಿದ ವ್ಯಾಪಾರಿಯು ಮುಂದಿನ ತಿಂಗಳು ಪರಿತಪಿಸುವನು. ನನ್ನ ತಮ್ಮನ ಮಗಳಿಗೂ ಹೀಗೆಯೇ ಆಯಿತು.

ಸಿದ್ದಾಪುರದ ಬಳಿಯ ಹಳ್ಳಿಯಲ್ಲಿರುವ ಆಕೆ ಅಡಿಗೆಯ ವೀಡಿಯೊಗಳನ್ನು ಯೂಟ್ಯೂಬಿನಲ್ಲಿ ಹಾಕುವ ರೂಢಿಯುಳ್ಳವಳು. ಶಿರಸಿ, ಯಲ್ಲಾಪುರಗಳ ನಂಟರಿಷ್ಟರೇ ಅವುಗಳ ಪ್ರೇಕ್ಷಕರು. ಒಂದೊಂದಕ್ಕೆ ಮುನ್ನೂರು ನೋಟ ದೊರೆತರೆ ಹೆಚ್ಚು. ಒಮ್ಮೆ, ಬೋರಲು ಹಾಕಿದ ಮಡಕೆಯ ಮೇಲೆ ಅಕ್ಕಿ ಹಿಟ್ಟು ಬಳಿದು ತೊಡೆದೇವು ತೆಗೆಯುವ ಎಂಟು ನಿಮಿಷದ ವೀಡಿಯೊ ಹಾಕಿದಳು. ಹತ್ತು ದಿನಗಳಲ್ಲಿ ಅದನ್ನು 1,80,000 ಸಲ ನೋಡಲಾಯಿತು. ಹಿಗ್ಗಿದ ಆಕೆ ಜಲಪಾತವೊಂದಕ್ಕೆ ಹೋಗಿಬಂದ ವೀಡಿಯೊ ಹಾಕಿದಳು. ಅದನ್ನು ನೋಡಿದವರು ನಾಲ್ಕು ನೂರು ಮಂದಿ. “ದೊಡ್ಡಪ್ಪ, ಬಂದ ಜನರೆಲ್ಲ ಎಲ್ಲಿ ಹೋದರು?” ಎಂದು ಕೇಳಿದಳು.

ಇಬ್ಬರೂ ಕುಳಿತು ಲೆಕ್ಕಪತ್ರ ತೆರೆದೆವು. ಯೂಟ್ಯೂಬ್ ಸ್ಟುಡಿಯೋದಲ್ಲಿ ಪ್ರೇಕ್ಷಕರು ಯಾವ ದಾರಿಯಿಂದ ಬಂದರೆಂಬದು ಕಾಣುತ್ತದೆ. ಬಹುಪಾಲು ಜನರಿಗೆ ಯೂಟ್ಯೂಬೇ ತನ್ನ ಮುಖಪುಟದಲ್ಲಿ ಈ ವೀಡಿಯೊವನ್ನು ತೋರಿಸಿತ್ತು. ಅವರು ಬಂದದ್ದು ತೊಡೆದೇವಿಗಾಗಿ, ನಮ್ಮ ಹುಡುಗಿಗಾಗಿ ಅಲ್ಲ. ಅವರಿಗೆ ಜಲಪಾತದಿಂದ ಏನು ಪ್ರಯೋಜನ? ಮುಂದಿನ ವೀಡಿಯೊ ಯಾವದಿರಬೇಕೆಂಬದನ್ನು ಪ್ರೇಕ್ಷಕರ ಪ್ರಶ್ನೆಗಳೇ ಹೇಳುತ್ತಿದ್ದವು: “ನಮ್ಮದು ಮಡಕೆಯಿಂದ ಏಳುವದಿಲ್ಲವೇಕೆ?” ಎಂದು ಬಹಳ ಜನ ಕೇಳಿದ್ದರು. ಮಡಕೆಯ ಕಾವು ಸಾಲದೆ ಹೋದರೆ ಹಾಳೆ ಏಳದು, ಮೀರಿದರೆ ಬಳಿಯುವಷ್ಟರಲ್ಲಿಯೇ ಒಣಗಿ ಬಿರಿಯುವದು ಎಂಬದನ್ನೇ ತೋರಿಸಿ ಆಕೆ ಎರಡನೆಯ ವೀಡಿಯೊ ಮಾಡಿದಳು.

ಇನ್ನು ಹಳೆಯ ವೀಡಿಯೊದಿಂದ ಹೊಸದಕ್ಕೆ ದಾರಿ ಹಾಕಬೇಕು. ಹಳೆಯದನ್ನು ತೆಗೆದು ತಿದ್ದಿ ಮತ್ತೆ ಹಾಕಕೂಡದು. ಹಾಗೆ ಮಾಡಿದರೆ ಕೂಡಿಬಂದ ನೋಟಗಳೆಲ್ಲ ಹೋಗುವವು. ಅದರ ಕೆಳಗೆ ಪ್ರೇಕ್ಷಕರ ಮಾತುಗಳ ತಲೆಯಲ್ಲಿ ಒಂದೇ ಒಂದು ಮಾತನ್ನು ಪಿನ್ ಮಾಡಿ ನಿಲ್ಲಿಸಲು ಅವಕಾಶವಿದೆ. ಆಕೆ ಅಲ್ಲಿ “ಎಲ್ಲರಿಗೂ ಧನ್ಯವಾದ” ಎಂದಿಟ್ಟಿದ್ದಳು. ಫೋನಿನಲ್ಲಿ ಮೊದಲ ಸಾಲುಗಳಷ್ಟೇ ಕಾಣುವದರಿಂದ ಅದನ್ನು ತೆಗೆಯಿಸಿ, “ಹಾಳೆ ಏಳದಿದ್ದರೆ ಇದನ್ನು ನೋಡಿರಿ” ಎಂದು ಬರೆಯಿಸಿ, ಹೊಸ ವೀಡಿಯೊದ ಕೊಂಡಿಯನ್ನು ಒಡನೆಯೇ ಇರಿಸಿದೆವು. ವೀಡಿಯೊದ ಕೊನೆಯ 5ರಿಂದ 20 ಸೆಕೆಂಡುಗಳಲ್ಲಿ ತೋರಿಸುವ ಎಂಡ್ ಸ್ಕ್ರೀನಿಗೂ ಅದನ್ನೇ ಸೇರಿಸಿದೆವು. ಒಂದು ಎಚ್ಚರಿಕೆ: ಶಾರ್ಟ್ಸ್ ಎಂಬ ಕಿರು ವೀಡಿಯೊಗಳ ಕೆಳಗೆ ಬರೆದ ಕೊಂಡಿಗಳು 2023ರ ಆಗಸ್ಟ್ ಕೊನೆಯಿಂದ ಒತ್ತಿದರೆ ತೆರೆಯುವದಿಲ್ಲ; ಅಲ್ಲಿ ಸಂಬಂಧಿಸಿದ ವೀಡಿಯೊವನ್ನು ಜೋಡಿಸುವ ಬೇರೆ ಸೌಕರ್ಯವನ್ನೇ ಬಳಸತಕ್ಕದ್ದು.

ಎರಡನೆಯ ವೀಡಿಯೊಗೆ ಒಂಬತ್ತು ಸಾವಿರ ನೋಟಗಳು ಬಂದವು. ಆಕೆಯ ಮೋರೆ ಬಾಡಿತು. “ಮಗಳೇ, ಜಾತ್ರೆಯ ದಿನದೊಡನೆ ಹೋಲಿಸಬೇಡ, ನಿನ್ನ ಎಂದಿನ ಸಂತೆಯೊಡನೆ ಹೋಲಿಸು, ಮುನ್ನೂರರ ಮೂವತ್ತು ಪಟ್ಟು ಆಯಿತಲ್ಲ” ಎಂದೆನು. ಮೊದಲನೆಯದರ ಏರಿಕೆಯೂ ಮೂರನೆಯ ವಾರಕ್ಕೆ ಇಳಿಯಿತು. ಆದರೂ ತೊಡೆದೇವನ್ನೇ ಹುಡುಕಿಕೊಂಡು ಬರುವವರು ದಿನಕ್ಕೆ ಐವತ್ತು ಅರವತ್ತರಂತೆ ಉಳಿದಿದ್ದಾರೆ. ಇವರೇ ನಿಜವಾದ ಲಾಭ.

ಹಣದ ಮಾತು ಬೇರೆ. ಯೂಟ್ಯೂಬ್ ಜಾಹೀರಾತಿನ ಪಾಲು ಕೊಡಬೇಕಾದರೆ 1,000 ಚಂದಾದಾರರೂ, ಹಿಂದಿನ ಹನ್ನೆರಡು ತಿಂಗಳುಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಆಗಿರಬೇಕು. (ಶಾರ್ಟ್ಸಿನ ಲೆಕ್ಕ ಬೇರೆ.) ಆಕೆಯ ವೀಡಿಯೊವನ್ನು ಒಬ್ಬೊಬ್ಬರು ಸರಾಸರಿ ನಾಲ್ಕು ನಿಮಿಷ ನೋಡಿದ್ದರು, ಅಂದರೆ 1,80,000 ನೋಟಗಳಿಗೆ 12,000 ಗಂಟೆಗಳು. ಚಂದಾದಾರರೂ 1,400 ಆಗಿದ್ದರು. ಆದರೆ ಅರ್ಜಿ ಮಂಜೂರಾಗುವ ಮೊದಲಿನ ನೋಟಗಳಿಗೆ ಪಾಲು ದೊರೆಯದು. ಆದುದರಿಂದ ಆ ಜನಜಂಗುಳಿಯಿಂದ ಬಿಡಿಕಾಸೂ ಬರಲಿಲ್ಲ. ವರ್ಷ ದಾಟಿದರೆ ಆ ಗಂಟೆಗಳೂ ಲೆಕ್ಕದಿಂದ ಜಾರುವವೆಂದು ಕೂಡಲೇ ಅರ್ಜಿ ಹಾಕಿಸಿದೆನು.

“ಮಾರಾಟಕ್ಕಿದೆಯೇ?” ಎಂದು ಕೇಳಿದವರೂ ಬಹಳ. ವಿಳಾಸವನ್ನು ಪಿನ್ ಮಾಡಲು ಹೊರಟ ಆಕೆಯನ್ನು ತಡೆದು, “ವಾರಕ್ಕೆ ಎಷ್ಟು ಮಾಡಬಲ್ಲೆ?” ಎಂದು ಕೇಳಿದೆನು. “ಮನೆಗೆಲಸ ಮುಗಿಸಿ ಇಪ್ಪತ್ತು ಕಟ್ಟು” ಎಂದಳು. ಕಾಗದದಂಥ ಆ ಹಾಳೆಗಳು ಅಂಚೆಯಲ್ಲಿ ಪುಡಿಯಾಗುವದೂ ಉಂಟು. ಆಹಾರ ಮಾರುವವರು ಮಾಡಿಸಬೇಕಾದ ನೋಂದಣಿಯನ್ನು ಮೊದಲು ಮಾಡಿಸಿ, ಗಟ್ಟಿ ಡಬ್ಬಿಯಲ್ಲಿ ಹತ್ತಿರದ ಊರುಗಳಿಗೆ ಮಾತ್ರ, ವಾರಕ್ಕೆ ಇಪ್ಪತ್ತೇ ಎಂದು ಸ್ಪಷ್ಟವಾಗಿ ಬರೆದ ಮೇಲೆಯೇ ವಿಳಾಸವನ್ನು ಸೇರಿಸಿದೆವು. ಕೊಡಲಾರದ್ದಕ್ಕೆ ಹಣ ಪಡೆದರೆ, ಹೊಗಳಿದವರೇ ಅದೇ ವೀಡಿಯೊದ ಕೆಳಗೆ ದೂರು ಬರೆಯುವರು.

ಈಗ ಆಕೆ ತಿಂಗಳಿಗೆ ಎರಡು ವೀಡಿಯೊ ಹಾಕುತ್ತಾಳೆ. ಮೊನ್ನೆಯದು ಮಡಕೆಯನ್ನು ಪಳಗಿಸುವ ಬಗೆ. ನೋಡಿದವರು ಎರಡು ಸಾವಿರ. ಈ ಸಲ ಆಕೆ ಆ ಸಂಖ್ಯೆಯನ್ನು ನಗುತ್ತಲೇ ಹೇಳಿದಳು.