ಸಾಕ್ಷಿ ರುಜು ಹಾಕಿದ್ದು ಎಲ್ಲಿ?



ಈ ಸಲ ಒಂದೇ ಕಾಗದವನ್ನು ಎತ್ತಿಕೊಂಡಿದ್ದೇನೆ. ಬರೆದಾಕೆ ಗಂಡನನ್ನು ಕಳೆದುಕೊಂಡವರು, ಮಕ್ಕಳಿಲ್ಲ. ಹಾಸಿಗೆ ಹಿಡಿದ ಅತ್ತೆಯ ಸೇವೆಯನ್ನು ಒಂಬತ್ತು ವರ್ಷ ಮಾಡಿದರು. ಅತ್ತೆಯೂ ಸುಮ್ಮನೆ ಹೋಗಲಿಲ್ಲ. ತಮ್ಮ ಸ್ವಂತ ದುಡ್ಡಿನಿಂದ ಕೊಂಡಿದ್ದ, ತಮ್ಮ ಹೆಸರಿನಲ್ಲೇ ಇದ್ದ ಮನೆಯನ್ನು "ನನ್ನ ಸೊಸೆಗೆ" ಅಂತ ವಿಲ್ ಬರೆಸಿದರು. ಈಗ ಅತ್ತೆ ತೀರಿಕೊಂಡ ಮೇಲೆ ಮೈದುನ ಕೋರ್ಟಿಗೆ ಹೋಗಿದ್ದಾನೆ. "ವಿಲ್ ರಿಜಿಸ್ಟರ್ ಆಗಿಲ್ಲ, ಅದು ಬರೀ ಕಾಗದ" ಅಂತ ಅವನ ವಾದ. "ಅಕ್ಕಾ, ರಿಜಿಸ್ಟರ್ ಆಗದ್ದಕ್ಕೆ ನನ್ನ ಮನೆ ಹೋಗುತ್ತದೆಯೇ?" ಎಂದು ಆಕೆ ಕೇಳಿದ್ದಾರೆ.

ರಿಜಿಸ್ಟರ್ ಆಗಿಲ್ಲವೆಂಬ ಒಂದೇ ಕಾರಣಕ್ಕೆ ಹೋಗುವುದಿಲ್ಲ ತಂಗಿ. ವಿಲ್ಲನ್ನು ನೋಂದಾಯಿಸುವುದು ಬರೆದವರ ಇಷ್ಟ, ಕಡ್ಡಾಯವಲ್ಲ. ಛಾಪಾ ಕಾಗದವೂ ಬೇಕಿಲ್ಲ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದರೂ ಸಾಕು. ಆದರೆ ನಿಮ್ಮ ಕಾಗದದ ಕೊನೆಯಲ್ಲಿ ಬರೆದ ಎರಡು ಸಾಲು ಓದಿ ನನಗೆ ನಿಜವಾಗಿ ಕಳವಳವಾಯಿತು. "ಬೆಳಿಗ್ಗೆ ಪಕ್ಕದ ಮನೆ ಮೇಷ್ಟ್ರು ಇದ್ದರು. ಅತ್ತೆ ಅವರ ಎದುರೇ ರುಜು ಹಾಕಿದರು, ಮೇಷ್ಟ್ರೂ ಹಾಕಿದರು. ಸಂಜೆ ನಾನೇ ಕಾಗದ ತೆಗೆದುಕೊಂಡು ಬ್ಯಾಂಕಿನ ಗುಮಾಸ್ತರ ಮನೆಗೆ ಹೋಗಿ ಎರಡನೆಯ ಸಾಕ್ಷಿ ಹಾಕಿಸಿಕೊಂಡು ಬಂದೆ" ಎಂದಿದ್ದೀರಿ. ತೊಡಕು ಇರುವುದು ಇಲ್ಲೇ.

1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 63ನೆಯ ಕಲಮು ಏನು ಹೇಳುತ್ತದೆ, ಸ್ವಲ್ಪ ನಿಧಾನವಾಗಿ ನೋಡೋಣ. (ಮುಸ್ಲಿಮರಿಗೆ ಅವರದೇ ಬೇರೆ ನಿಯಮಗಳಿವೆ.) ವಿಲ್ ಬರೆದವರು ರುಜು ಅಥವಾ ಹೆಬ್ಬೆಟ್ಟು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು. ಅವರಲ್ಲಿ ಪ್ರತಿಯೊಬ್ಬರೂ ಬರೆದವರು ರುಜು ಹಾಕುವುದನ್ನು ಕಣ್ಣಾರೆ ಕಂಡಿರಬೇಕು, ಇಲ್ಲವೇ "ಇದು ನನ್ನದೇ ರುಜು" ಅಂತ ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಆ ಸಾಕ್ಷಿ, ವಿಲ್ ಬರೆದವರ ಎದುರಿನಲ್ಲೇ ತನ್ನ ರುಜು ಹಾಕಬೇಕು. ಇಬ್ಬರು ಸಾಕ್ಷಿಗಳೂ ಒಟ್ಟಿಗೇ ಇರಬೇಕೆಂದು ಕಾನೂನು ಕೇಳುವುದಿಲ್ಲ.

ಈಗ ನಿಮ್ಮ ಅತ್ತೆಯ ವಿಲ್ಲಿಗೆ ಇದನ್ನು ಹಚ್ಚಿ ನೋಡಿ. ಮೇಷ್ಟ್ರ ಸಾಕ್ಷಿ ಸರಿಯಾಗಿದೆ. ಗುಮಾಸ್ತರು ಅತ್ತೆ ರುಜು ಹಾಕಿದ್ದನ್ನು ಕಂಡಿಲ್ಲ, ಅವರ ಬಾಯಿಂದ ಕೇಳಿಲ್ಲ, ಅವರ ಎದುರು ತಾವೂ ಹಾಕಿಲ್ಲ. ಆ ರುಜು ಕಾಗದದ ಮೇಲೆ ಇದ್ದರೂ ಸಾಕ್ಷಿಯಲ್ಲ. ಅಲ್ಲಿಗೆ ಉಳಿದದ್ದು ಒಂದೇ ಸಾಕ್ಷಿ, ಒಂದು ಸಾಲದು. ಮಾರನೇ ದಿನ ಗುಮಾಸ್ತರನ್ನೇ ಮನೆಗೆ ಕರೆಸಿ, ಮಂಚದ ಪಕ್ಕ ಕೂರಿಸಿ, ಅತ್ತೆ "ಇದು ನನ್ನ ರುಜು" ಅಂತ ಹೇಳಿ, ಅವರು ಅಲ್ಲೇ ರುಜು ಹಾಕಿದ್ದರೆ ಕಾನೂನಿನ ಪ್ರಕಾರ ಎಲ್ಲಾ ಸರಿಯಾಗುತ್ತಿತ್ತು. ಎರಡು ಬೀದಿ ನಡೆಯುವ ಕೆಲಸ, ಅಷ್ಟೇ.

ಕೆಳಗೆ ಬಿಕ್ಕಲಂ ಹಾಕಿದ ಪತ್ರ ಬರಹಗಾರರನ್ನು ಎರಡನೇ ಸಾಕ್ಷಿ ಅನ್ನಬಹುದೇ ಎಂದು ನೀವು ಕೇಳಬಹುದು. ಸುಮ್ಮನೆ ಅನ್ನಲಾಗದು. ಬರೆದವರು ಬರೆದವರೆಂದು ರುಜು ಹಾಕಿದರೆ ಅವರು ಸಾಕ್ಷಿಯಾಗುವುದಿಲ್ಲ. ಅತ್ತೆ ರುಜು ಹಾಕಿದ್ದನ್ನು ಕಂಡು, ಸಾಕ್ಷಿಯಾಗಬೇಕೆಂಬ ಉದ್ದೇಶದಿಂದಲೇ, ಅತ್ತೆಯ ಎದುರೇ ತಾವೂ ಹಾಕಿದ್ದರೆ ಮಾತ್ರ ವಾದಕ್ಕೆ ಜಾಗವಿದೆ. ಅವರು ಆ ಬೆಳಿಗ್ಗೆ ಅಲ್ಲಿದ್ದರೇ, ಹೆಸರಿನ ಪಕ್ಕ ಏನು ಬರೆದಿದ್ದಾರೆ ಎಂಬುದನ್ನು ಮೂಲ ಕಾಗದದಲ್ಲಿ ನೋಡಿ ಇಂದೇ ನಿಮ್ಮ ವಕೀಲರಿಗೆ ತೋರಿಸಿ. ಆದರೆ ಇಲ್ಲದ್ದನ್ನು ಇದ್ದಂತೆ ಹೇಳಿಸಲು ಹೋಗಬೇಡಿ. ಗುಮಾಸ್ತರು ಪಾಟೀಸವಾಲಿನಲ್ಲಿ ನಿಜ ಹೇಳಿದರೆ, ನಿಮ್ಮ ಒಳ್ಳೆಯ ಮಾತನ್ನೂ ಆಮೇಲೆ ಯಾರೂ ನಂಬುವುದಿಲ್ಲ.

ವಿಲ್ ಬಿದ್ದುಹೋದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಹೆಂಗಸಿನ ಆಸ್ತಿ ಮೊದಲು ಅವಳ ಮಕ್ಕಳಿಗೆ, ಗಂಡನಿಗೆ, ಮೊದಲೇ ತೀರಿಕೊಂಡ ಮಕ್ಕಳ ಮಕ್ಕಳಿಗೆ ಹೋಗುತ್ತದೆ. ಆ ಸಾಲಿನಲ್ಲಿ ವಿಧವೆ ಸೊಸೆಯ ಹೆಸರಿಲ್ಲ. ಮಗುವಿದ್ದಿದ್ದರೆ ಮಗುವಿಗೆ ಪಾಲು ಬರುತ್ತಿತ್ತು. ಮಕ್ಕಳಿಲ್ಲದ ಸೊಸೆಗೆ ಆ ಒಂದು ಹಾಳೆಯೇ ಗತಿ. ಮೈದುನನಿಗೆ ವಿಲ್ ಇಲ್ಲದಿದ್ದರೂ ಪಾಲುಂಟು, ನಿಮಗಿಲ್ಲ. ಅದಕ್ಕೇ ಹೇಳುವುದು, ಯಾರಿಗೆ ವಿಲ್ ಬಿಟ್ಟರೆ ಬೇರೆ ದಾರಿಯಿಲ್ಲವೋ ಅವರ ವಿಲ್ಲಿನಲ್ಲಿ ಸಾಕ್ಷಿಯ ವಿಚಾರ ತಪ್ಪಲೇಬಾರದು.

ಇನ್ನು ಮನೆಯಲ್ಲಿ ಹಿರಿಯರಿದ್ದು, ವಿಲ್ ಬರೆಸುವ ಮಾತು ನಡೆಯುತ್ತಿರುವ ಸೋದರಿಯರಿಗೆ. ಸಾಕ್ಷಿಗಳು ಬೇರೆ ಬೇರೆ ಹೊತ್ತಿನಲ್ಲಿ ಬರಬಹುದೆಂದು ಕಾನೂನು ಬಿಟ್ಟಿದ್ದರೂ ನೀವು ಇಬ್ಬರನ್ನೂ ಒಟ್ಟಿಗೇ ಕೂರಿಸಿ. ಕಾರಣವಿದೆ. ತಕರಾರು ಬಂದಾಗ ಬದುಕಿರುವ ಒಬ್ಬ ಸಾಕ್ಷಿಯನ್ನಾದರೂ ಕೋರ್ಟಿಗೆ ಕರೆಯಲೇಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೇ ನಿಯಮ. ಒಬ್ಬರನ್ನೇ ಕರೆದರೆ ಅವರು ತಮ್ಮ ರುಜುವಿನ ಜೊತೆಗೆ ಇನ್ನೊಬ್ಬ ಸಾಕ್ಷಿಯೂ ಸರಿಯಾಗಿ ರುಜು ಹಾಕಿದರೆಂದು ಹೇಳಬೇಕಾಗುತ್ತದೆ. ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಒಟ್ಟಿಗೆ ಕೂತಿರದಿದ್ದರೆ ಅವರು ಹೇಗೆ ಹೇಳಿಯಾರು?

ಸಾಕ್ಷಿಗಳು ಬರೆದವರಿಗಿಂತ ಚಿಕ್ಕ ವಯಸ್ಸಿನವರಾಗಿರಲಿ, ಊರಲ್ಲೇ ಸಿಗುವವರಾಗಿರಲಿ. ಹೆಸರು, ವಿಳಾಸ ಪೂರ್ತಿ ಬರೆಸಿ. ಆಸ್ತಿ ಪಡೆಯುವವರನ್ನು ಅಥವಾ ಅವರ ಗಂಡ-ಹೆಂಡತಿಯನ್ನು ಸಾಕ್ಷಿ ಮಾಡಬೇಡಿ. ಕ್ರೈಸ್ತರಲ್ಲಿ, ಪಾರ್ಸಿಗಳಲ್ಲಿ ಹಾಗೆ ಮಾಡಿದರೆ ಅವರಿಗೆ ಬಿಟ್ಟ ಆಸ್ತಿಯೇ ರದ್ದಾಗುತ್ತದೆ. ಆ ಕಲಮು ಹಿಂದೂಗಳಿಗೆ ಅನ್ವಯಿಸದಿದ್ದರೂ ಅನುಮಾನ ಮಾತ್ರ ಹುಟ್ಟೇ ಹುಟ್ಟುತ್ತದೆ.

ಅನುಮಾನದ ಮಾತು ಬಂತಲ್ಲ. ನಮ್ಮ ಮೈಸೂರು ಕಡೆಯಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಮೊಕದ್ದಮೆಯಲ್ಲಿ 1958ರಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಹೇಳಿತು. ಲಾಭ ಪಡೆಯುವವರೇ ಮುಂದೆ ನಿಂತು ವಿಲ್ ಬರೆಸಿದ್ದರೆ ಅದು ಸಂಶಯಕ್ಕೆ ಎಡೆ, ರುಜು ನಿಜವೆಂದು ತೋರಿಸಿದರೆ ಸಾಲದು, ಆ ಸಂಶಯವನ್ನೂ ಅವರೇ ನಿವಾರಿಸಬೇಕು ಅಂತ. ಆದ್ದರಿಂದ ಸೊಸೆಗೆ ಬರೆಯುವ ದಿನ ಸೊಸೆ ಕಾಫಿ ಕೊಟ್ಟು ಒಳಗೆ ಹೋಗಲಿ. ಕಾಗದ ಹಿಡಿದು ಓಡಾಡುವುದು ಬೇಡ.

ಹಿರಿಯರಿಗೆ ಓದಲು ಬಾರದಿದ್ದರೆ ಸಾಕ್ಷಿಗಳ ಎದುರು ಪೂರ್ತಿ ಓದಿ ಹೇಳಿ, ಹಾಗೆ ಓದಿ ಹೇಳಿದ್ದನ್ನು ಬರೆಯಿರಿ. ರುಜು ಹಾಕಬಲ್ಲವರು ಕೈ ನಡುಗಿ ಹೆಬ್ಬೆಟ್ಟು ಒತ್ತಿದರೆ ಆ ಕಾರಣವನ್ನೂ ಬರೆಯಿರಿ. ಕೊನೆಗೆ, ಸಾಕ್ಷಿಗಳ ಹೆಸರಿನ ಮೇಲೆ ಈ ಸಾಲಿರಲಿ: "ಇವರು ನಮ್ಮಿಬ್ಬರ ಎದುರು ರುಜು ಹಾಕಿದರು. ನಾವೂ ಇವರ ಎದುರು ರುಜು ಹಾಕಿದ್ದೇವೆ." ಈ ಸಾಲು ಇರಲೇಬೇಕೆಂದಿಲ್ಲ. ಆದರೆ ಹತ್ತು ವರ್ಷದ ಮೇಲೆ ಮರೆತ ಸಾಕ್ಷಿಗೆ ನೆನಪು ತರುತ್ತದೆ. ಆಮೇಲೆ ಒಂದು ಅಕ್ಷರ ತಿದ್ದಿದರೂ ತಿದ್ದಿದ ಜಾಗದಲ್ಲಿ ಮತ್ತೆ ಬರೆದವರ ರುಜು, ಇಬ್ಬರ ಸಾಕ್ಷಿ ಬೇಕು. ಅದಕ್ಕಿಂತ ಹೊಸ ವಿಲ್ ಬರೆಯುವುದೇ ಲೇಸು.

ತಂಗಿ, ಮೂಲ ಕಾಗದವನ್ನು ಯಾರ ಕೈಗೂ ಕೊಡದೆ ಜೋಪಾನ ಮಾಡಿ. ವಕೀಲರ ಹತ್ತಿರ ಆ ಸಂಜೆಯ ಮಾತನ್ನು ಮುಚ್ಚಿಡಬೇಡಿ. ಏನಾಯಿತೆಂದು ನನಗೂ ಬರೆಯಿರಿ.